ಪಟ್ಟೆ ಗರಿ ಯಾವ ಹಕ್ಕಿಯದು? ಬಣ್ಣಕ್ಕಿಂತ ಮೊದಲು ನೋಡಬೇಕಾದ್ದು

ಕಂದು ಬಣ್ಣದ ಗರಿ, ಮೇಲೆ ಅಡ್ಡಡ್ಡ ಪಟ್ಟೆ. ಅಂಗಳದಲ್ಲೋ ತಾರಸಿಯಲ್ಲೋ ಇಂಥದ್ದೊಂದು ಸಿಕ್ಕರೆ ಬಹಳ ಜನ ತಕ್ಷಣ ‘ಗೂಬೆ ಗರಿ’ ಅಂತಾರೆ. ಉಳಿದವರು ‘ಹದ್ದಿನದು’ ಅಂತಾರೆ. ನಮ್ಮ ಊರುಗಳಲ್ಲಿ ಈ ಎರಡೂ ಉತ್ತರ ತಪ್ಪಾಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಹೆಣ್ಣು ಕೋಗಿಲೆ, ಬಿಜ್ಜು ಎಂಬ ಸಣ್ಣ ಬೇಟೆಹಕ್ಕಿ, ಕೊನೆಗೆ ನವಿಲಿನ ಮೈಮೇಲೂ ಪಟ್ಟೆ ಗರಿಗಳಿವೆ. ಪಟ್ಟೆ ನೋಡಿ ಹಕ್ಕಿ ಹೇಳಲು ಹೊರಟರೆ ಶುರುವಿನಲ್ಲೇ ದಾರಿ ತಪ್ಪುತ್ತದೆ. ಗರಿ ಮೈಯ ಯಾವ ಜಾಗದ್ದು ಎಂಬುದು ಮೊದಲ ಪ್ರಶ್ನೆ. ಎಷ್ಟು ದೊಡ್ಡದು ಎಂಬುದು ಎರಡನೆಯದು. ಬಣ್ಣ ಕಡೆಯದು.

ಒಂದು ಗರಿಯನ್ನೇ ಇಟ್ಟುಕೊಂಡು ನೋಡೋಣ. ಮೈಸೂರಿನ ಮನೆಯೊಂದರ ಹಿತ್ತಲು, ಮಾವಿನ ಮರದ ಕೆಳಗೆ ಬಿದ್ದಿದ್ದು. ಬುಡದಿಂದ ತುದಿಗೆ 19 ಸೆಂ.ಮೀ. ಅಗಲ ಹೆಚ್ಚೆಂದರೆ 3 ಸೆಂ.ಮೀ. ಕಡು ಕಂದು ಮೈ, ಅದರ ಮೇಲೆ ಕಿರಿದಾದ ಬಿಳಿ ಪಟ್ಟೆಗಳು. ಮನೆಯವರ ಊಹೆ ಗೂಬೆ.

ಗರಿಯ ನಡುವೆ ಉದ್ದಕ್ಕೂ ಹೋಗುವ ಗಟ್ಟಿ ಕಡ್ಡಿಯನ್ನು ದಂಡು ಅನ್ನೋಣ. ಅದರ ಎರಡೂ ಬದಿಗೆ ಹರಡಿರುವ ಚಪ್ಪಟೆ ಭಾಗ ಅಲಗು. ಮೊದಲು ನೋಡಬೇಕಾದ್ದು ದಂಡು ಅಲಗಿನ ನಟ್ಟನಡುವೆ ಇದೆಯೋ, ಒಂದು ಬದಿಗೆ ಸರಿದಿದೆಯೋ ಎಂದು. ರೆಕ್ಕೆಯ ಹೊರತುದಿಯ ಗರಿಗಳಲ್ಲಿ ದಂಡು ತುಂಬಾ ಸರಿದಿರುತ್ತದೆ. ಮುಂದಿನ ಬದಿಯ ಅಲಗು ತೀರಾ ಕಿರಿದು, ಹಿಂದಿನದು ಅಗಲ. ಹಾರುವಾಗ ಗಾಳಿಗೆ ಎದುರಾಗುವುದು ಆ ಕಿರಿದಾದ ಅಂಚು. ದಂಡು ಅಲ್ಲೇ ಹತ್ತಿರದಲ್ಲಿ ಇಲ್ಲದಿದ್ದರೆ ಗಾಳಿಯ ಒತ್ತಡಕ್ಕೆ ಗರಿ ತಿರುಚಿಕೊಂಡುಬಿಡುತ್ತದೆ. ಮೈಗೆ ಹತ್ತಿರದ ರೆಕ್ಕೆಗರಿಗಳಲ್ಲಿ ಈ ವ್ಯತ್ಯಾಸ ಕಡಿಮೆ. ಅವು ಗಿಡ್ಡ, ತುದಿ ಮೊಂಡು, ದಂಡು ಒಳಕ್ಕೆ ಬಾಗಿರುತ್ತದೆ.

ಬಾಲದ ಗರಿಗಳ ಕಥೆ ಬೇರೆ. ಬಾಲದ ನಡುವಿನ ಜೋಡಿಯಲ್ಲಿ ದಂಡು ಸರಿಯಾಗಿ ಮಧ್ಯದಲ್ಲೇ ಇರುತ್ತದೆ. ಪಕ್ಕಕ್ಕೆ ಹೋದಂತೆ ಅದು ಹೊರಬದಿಗೆ ಸರಿಯುತ್ತದೆ. ಹಾಗಾಗಿ ‘ಅಲಗು ಅಸಮ, ಆದ್ದರಿಂದ ರೆಕ್ಕೆಯದು’ ಎಂದು ಹೇಳಿಬಿಡಲು ಬರುವುದಿಲ್ಲ. ಇಲ್ಲಿ ಇನ್ನೆರಡು ಗುರುತು ಸಹಾಯಕ್ಕೆ ಬರುತ್ತವೆ. ಬಾಲದ ಗರಿಯನ್ನು ಮೇಜಿನ ಮೇಲೆ ಇಟ್ಟರೆ ದಂಡು ಹೆಚ್ಚುಕಡಿಮೆ ನೇರವಾಗಿ ಕಾಣುತ್ತದೆ. ರೆಕ್ಕೆಯದಾದರೆ ಬಾಗು ಎದ್ದು ಕಾಣುತ್ತದೆ. ಇನ್ನೊಂದು, ಚರ್ಮದೊಳಗೆ ಹುಗಿದಿರುವ ಬೋಳು ಬುಡ. ರೆಕ್ಕೆಯ ದೊಡ್ಡ ಗರಿಗಳಲ್ಲಿ ಅದು ಉದ್ದ, ದಪ್ಪ. ಬಾಲದ ಗರಿಗಳಲ್ಲಿ ಗಿಡ್ಡ.

ಮೇಲ್ಬದಿ ಯಾವುದು, ಕೆಳಬದಿ ಯಾವುದು ಎಂದು ಗೊತ್ತಾಗದೆ ಪೇಚಾಡುವವರು ದಂಡನ್ನು ನೋಡಿದರೆ ಸಾಕು. ಕೆಳಬದಿಯಲ್ಲಿ ದಂಡಿನ ಉದ್ದಕ್ಕೂ ಸಣ್ಣ ತೋಡು ಇರುತ್ತದೆ. ಮೇಲ್ಬದಿ ನುಣುಪು. ಗೊತ್ತಾದ ಮೇಲೆ ಮೇಲ್ಬದಿ ಕಾಣುವಂತೆ, ತುದಿ ನಿಮ್ಮ ಕಡೆ ಬರುವಂತೆ ಹಿಡಿಯಿರಿ. ಕಿರಿದಾದ ಅಲಗು ಎಡಕ್ಕಿದ್ದರೆ ಅದು ಹಕ್ಕಿಯ ಎಡಭಾಗದ ಗರಿ. ಒಂದೇ ಗರಿಯಾದರೆ ಇದರಿಂದ ಜಾಸ್ತಿ ಉಪಯೋಗವಿಲ್ಲ. ಆದರೆ ಒಂದೇ ಕಡೆ ಹಲವು ಗರಿ ಸಿಕ್ಕಾಗ, ಎಲ್ಲ ಒಂದೇ ಹಕ್ಕಿಯವೇ ಎಂದು ತಿಳಿಯಲು ಬೇಕಾಗುತ್ತದೆ.

ನಮ್ಮ ಮೈಸೂರಿನ ಗರಿಯ ದಂಡು ನೇರ. ಒಂದು ಬದಿಗೆ ಸರಿದಿದೆ, ಆದರೆ ತುಂಬಾ ಅಲ್ಲ. ತುದಿ ದುಂಡು. ಬೋಳು ಬುಡ ಗಿಡ್ಡ. ಅಂದರೆ ಬಾಲದ ಗರಿ, ನಡುವಿನ ಜೋಡಿಯದಲ್ಲ, ಪಕ್ಕದ್ದು. ಇಷ್ಟು ತಿಳಿದ ಕೂಡಲೇ ಮುಂದಿನ ಪ್ರಶ್ನೆ ಬದಲಾಗುತ್ತದೆ. ‘19 ಸೆಂ.ಮೀ. ಗರಿ ಯಾರಿಗಿದೆ’ ಎಂದು ಕೇಳುವುದಲ್ಲ, ‘19 ಸೆಂ.ಮೀ. ಬಾಲದ ಗರಿ ಯಾರಿಗಿದೆ’ ಎಂದು ಕೇಳಬೇಕು. ಇವೆರಡರ ನಡುವೆ ಬಹಳ ಅಂತರ ಇದೆ.

ರೆಕ್ಕೆಯ ಗರಿಯಾಗಿದ್ದರೆ ಲೆಕ್ಕ ಹೀಗೆ ಹೋಗುತ್ತಿತ್ತು. ಹಕ್ಕಿ ಪುಸ್ತಕಗಳಲ್ಲಿ ಮಡಚಿದ ರೆಕ್ಕೆಯ ಉದ್ದ ಕೊಟ್ಟಿರುತ್ತಾರೆ. ರೆಕ್ಕೆಯ ಅತಿ ಉದ್ದದ ಗರಿ ಸುಮಾರಾಗಿ ಅದರ ಮುಕ್ಕಾಲು ಭಾಗ ಇರುತ್ತದೆ. ಊರಕಾಗೆಗೆ 20 ಸೆಂ.ಮೀ. ಆಸುಪಾಸು. ಪಾರಿವಾಳಕ್ಕೆ 16-17. ಗೊರವಂಕಕ್ಕೆ 10-11. ಹದ್ದಿಗೆ 30 ದಾಟುತ್ತದೆ. ಇವು ಒರಟು ಅಂದಾಜುಗಳು. ಅಲ್ಲದೆ ಇದು ಅತಿ ಉದ್ದದ ಗರಿಯ ಲೆಕ್ಕ ಮಾತ್ರ. ಹದ್ದಿನ ಮೈಹತ್ತಿರದ ರೆಕ್ಕೆಗರಿ ಕಾಗೆಯ ಹೊರಗರಿಯಷ್ಟೇ ಉದ್ದ ಇರಬಹುದು. ಅದಕ್ಕೇ ಜಾಗ ಗೊತ್ತಾಗದೆ ಅಳತೆಗೆ ಅರ್ಥವಿಲ್ಲ ಅನ್ನುವುದು.

ಬಾಲದ ವಿಷಯದಲ್ಲಿ ಇಂಥ ಸುಲಭದ ಲೆಕ್ಕ ನಡೆಯುವುದಿಲ್ಲ. ಗಿಳಿಯ ಮೈ ಪಾರಿವಾಳಕ್ಕಿಂತ ಚಿಕ್ಕದು, ಬಾಲದ ನಡುಗರಿ ಪಾರಿವಾಳದ ಬಾಲದ ಎರಡರಷ್ಟು ಉದ್ದ. ಕೆಂಬೂತದ ಬಾಲವೂ ಮೈಗೆ ಹೋಲಿಸಿದರೆ ಭಾರಿ ಉದ್ದ. ಗೂಬೆಗಳದು ಇದಕ್ಕೆ ಉಲ್ಟಾ, ರೆಕ್ಕೆ ದೊಡ್ಡದು, ಬಾಲ ಗಿಡ್ಡ. ನಮ್ಮ ಊರುಗಳಲ್ಲಿ ಜಾಸ್ತಿ ಕಾಣುವ ಕಣಜ ಗೂಬೆಯ ರೆಕ್ಕೆಗರಿ 20 ಸೆಂ.ಮೀ. ದಾಟಬಹುದು, ಆದರೆ ಬಾಲ 11-13 ಸೆಂ.ಮೀ. ಅಷ್ಟೇ. ಹಾಲಕ್ಕಿಯದು ಇನ್ನೂ ಚಿಕ್ಕದು. ಇಲ್ಲಿಗೆ ಮನೆಯ ಸುತ್ತಮುತ್ತ ಸಾಮಾನ್ಯವಾಗಿರುವ ಎರಡೂ ಗೂಬೆಗಳು ಪಟ್ಟಿಯಿಂದ ಹೊರಗೆ ಹೋದವು. ಬಣ್ಣವನ್ನು ನಾವಿನ್ನೂ ಮುಟ್ಟೇ ಇಲ್ಲ.

ದೊಡ್ಡ ಗೂಬೆಗಳು ಇನ್ನೂ ಉಳಿದಿವೆ, ಅಲ್ವಾ? ಬಂಡೆಗಳ ಕಡೆ ಇರುವ ಕೊಂಬಿನ ಗೂಬೆಯ ಬಾಲ 20 ಸೆಂ.ಮೀ. ಹತ್ತಿರ ಬರುತ್ತದೆ. ಇಲ್ಲಿ ಅಗಲ ಕೆಲಸ ಮಾಡುತ್ತದೆ. ಅಂಥ ಭಾರಿ ಗೂಬೆಯ ಬಾಲದ ಗರಿ ಅಗಲವಾಗಿ ಹರಡಿಕೊಂಡಿರುತ್ತದೆ. ನಮ್ಮದು ಬರೀ 3 ಸೆಂ.ಮೀ. ಜೊತೆಗೆ ಗೂಬೆ ಗರಿಗೆ ಬೆರಳಿಗೇ ತಿಳಿಯುವ ಒಂದು ಗುಣ ಇದೆ. ಮೇಲ್ಬದಿ ಮುಟ್ಟಿದರೆ ತೀರಾ ಮೆತ್ತಗೆ, ನವಿರು ನವಿರು. ಅಲಗಿನ ಎಳೆಗಳ ಮೇಲೆ ಸಣ್ಣ ಕೂದಲಿನಂಥ ಚಾಚುಗಳು ಎದ್ದಿರುವುದರಿಂದ ಹಾಗೆ. ಹಿಂದಿನ ಅಂಚೂ ಚೂಪಾಗಿ ಮುಗಿಯದೆ, ಜಾಲರಿಯಾಗಿ ಬಿಡಿಬಿಡಿಯಾಗಿರುತ್ತದೆ.

ಗೂಬೆಯ ರೆಕ್ಕೆಯ ಅತಿ ಹೊರಗಿನ ಗರಿ ಸಿಕ್ಕರಂತೂ ಅನುಮಾನವೇ ಬೇಡ. ಅದರ ಮುಂದಿನ ಅಂಚಿನಲ್ಲಿ ಎಳೆಗಳ ತುದಿಗಳು ಬಾಗಿ, ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ನಿಂತಿರುತ್ತವೆ. ಸದ್ದಿಲ್ಲದೆ ಹಾರಲು ಇರುವ ಏರ್ಪಾಡು ಇದು. ಆದರೆ ಇದನ್ನು ಉಲ್ಟಾ ಮಾಡಿ ‘ಹಲ್ಲಿಲ್ಲ, ಆದ್ದರಿಂದ ಗೂಬೆಯಲ್ಲ’ ಎನ್ನಬಾರದು. ಕಣಜ ಗೂಬೆಯಲ್ಲಿ ರೆಕ್ಕೆಗೆ ಒಂದರಂತೆ, ಅತಿ ಹೊರಗಿನ ಗರಿಯಲ್ಲಿ ಮಾತ್ರ ಈ ಹಲ್ಲುಗಳಿವೆ. ಒಳಗಿನ ಗರಿ ಸಿಕ್ಕರೆ ಹಲ್ಲು ಕಾಣುವುದೇ ಇಲ್ಲ. ಕೆರೆ, ಹೊಳೆಗಳ ಬಳಿ ಇರುವ ಮೀನು ಗೂಬೆಗೆ ಈ ಏರ್ಪಾಡು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನೀರಿನೊಳಗಿನ ಮೀನಿಗೆ ರೆಕ್ಕೆಯ ಸದ್ದು ಕೇಳುವ ಭಯ ಅಷ್ಟಿಲ್ಲ ಎಂದು ತಿಳಿದವರು ಕಾರಣ ಕೊಡುತ್ತಾರೆ.

ನಮ್ಮ ಗರಿ ಮುಟ್ಟಿದರೆ ನುಣುಪು, ಗಟ್ಟಿ. ಅಂಚು ಚೂಪಾಗಿ ಮುಗಿದಿದೆ. ಗೂಬೆ ಅಲ್ಲ.

ಹದ್ದು? ಹದ್ದಿನ ಬಾಲ 25 ಸೆಂ.ಮೀ. ಮೀರುತ್ತದೆ. ಬಾಲ ಕವಲಾಗಿರುವುದರಿಂದ ಪಕ್ಕದ ಗರಿಗಳೇ ಅತಿ ಉದ್ದ. ನಮ್ಮದು ಪಕ್ಕದ ಗರಿ, 19 ಸೆಂ.ಮೀ. ಹೊಂದುವುದಿಲ್ಲ. ಹದ್ದಿನ ಬಾಲದ ಪಟ್ಟೆಗಳೂ ಮಸುಕು, ಕಂದಿನ ಮೇಲೆ ಸ್ವಲ್ಪ ಕಡು ಕಂದು. ಬಿಳಿ ಅಲ್ಲ.

ಇನ್ನು ಉಳಿದದ್ದು ಬಿಜ್ಜು ಮತ್ತು ಕೋಗಿಲೆ ಜಾತಿ. ಇಲ್ಲಿಗೆ ಬಂದ ಮೇಲೆ ಬಣ್ಣಕ್ಕೆ ಬೆಲೆ ಬರುತ್ತದೆ.

ಬಿಜ್ಜು, ಅಂದರೆ ಶಿಕ್ರಾ, ಊರೊಳಗೂ ಇರುವ ಸಣ್ಣ ಬೇಟೆಹಕ್ಕಿ. ಬಾಲದ ಅಳತೆ ನಮ್ಮ ಗರಿಗೆ ತೀರಾ ದೂರ ಇಲ್ಲ. ಪಟ್ಟೆಯೂ ಇದೆ. ಆದರೆ ಪಟ್ಟೆಯಲ್ಲಿ ನೋಡಬೇಕಾದ್ದು ಮೈ ಬಣ್ಣ ಯಾವುದು, ಪಟ್ಟೆ ಯಾವುದು ಎಂದು. ಬಿಜ್ಜುವಿನ ಬಾಲದಲ್ಲಿ ಮೈ ತಿಳಿ ಬೂದು ಅಥವಾ ಬೂದುಗಂದು, ಅದರ ಮೇಲೆ ಕಡು ಬಣ್ಣದ ಕೆಲವೇ ಪಟ್ಟೆಗಳು, ನಡುವೆ ದೊಡ್ಡ ದೊಡ್ಡ ಅಂತರ. ಹೆಣ್ಣು ಕೋಗಿಲೆಯ ಬಾಲದಲ್ಲಿ ಇದು ಮಗುಚಿಕೊಂಡಿದೆ. ಮೈ ಕಡು ಕಂದು, ಅದರ ಮೇಲೆ ಕಿರಿದಾದ ಬಿಳಿ ಪಟ್ಟೆಗಳು ಒಂದರ ಹಿಂದೆ ಒಂದು. ದಂಡಿನ ಎರಡೂ ಬದಿಯಲ್ಲಿ ಪಟ್ಟೆಗಳು ಬುಡದಿಂದ ತುದಿಯವರೆಗೂ ಹೋಗುತ್ತವೆ. ಮೈಸೂರಿನ ಗರಿ ಥೇಟ್ ಹಾಗೇ ಇತ್ತು. ಬಾಲದ ಉದ್ದವೂ ಕೋಗಿಲೆಗೆ ಸರಿಹೋಗುತ್ತದೆ. ಸಿಕ್ಕಿದ್ದು ಮಾವಿನ ಮರದ ಕೆಳಗೆ ಎಂಬುದು ಸಣ್ಣ ಬೆಂಬಲ, ಅದನ್ನು ಸಾಕ್ಷಿಯ ಪಟ್ಟಿಯಲ್ಲಿ ಕೊನೆಗೆ ಇಡುವುದೇ ಸರಿ.

ಕೂಗುವುದು ಕಪ್ಪು ಗಂಡು. ಜನ ಕೋಗಿಲೆ ಎಂದರೆ ಕಪ್ಪೇ ಎಂದುಕೊಂಡಿರುವುದರಿಂದ ಹೆಣ್ಣಿನ ಚುಕ್ಕೆ, ಪಟ್ಟೆಗಳ ಗರಿ ಯಾರ ನೆನಪಿಗೂ ಬರುವುದಿಲ್ಲ. ‘ಗೂಬೆ ಗರಿ’ಗಳಲ್ಲಿ ಎಷ್ಟೋ ಈ ಹೆಣ್ಣು ಕೋಗಿಲೆಯವು ಎಂದು ನನ್ನ ಅನಿಸಿಕೆ.

ಒಂದು ಬಲೆ ಇಲ್ಲಿ ಹೇಳಲೇಬೇಕು. ಕೋಗಿಲೆ ಕುಟುಂಬದಲ್ಲೇ ಹಾಕ್ ಕುಕೂ ಎಂಬ ಹಕ್ಕಿ ಇದೆ. ‘ಬ್ರೇನ್ ಫೀವರ್’ ಎಂದು ರಾತ್ರಿಯೂ ಕೂಗಿ ನಿದ್ದೆ ಕೆಡಿಸುವುದು ಇದೇ. ಇದು ನೋಡಲು ಪೂರಾ ಬಿಜ್ಜುವಿನ ಹಾಗೆ. ಬಾಲವೂ ಬೂದು, ಕಡು ಪಟ್ಟೆ. ಅದರ ಒಂದು ಬಾಲದ ಗರಿ ಸಿಕ್ಕರೆ ಬೇಟೆಹಕ್ಕಿಯದು ಎಂದು ಮೋಸಹೋಗುವುದು ಸಹಜ. ತುದಿಯನ್ನು ನೋಡಬೇಕು. ಹಾಕ್ ಕುಕೂ ಬಾಲದ ತುದಿಗೆ ಕೆಂಗಂದು ಛಾಯೆ ಇರುತ್ತದೆ, ಅದಕ್ಕೆ ಅಂಟಿಕೊಂಡಂತೆ ಒಂದು ಅಗಲ ಕಪ್ಪು ಪಟ್ಟಿ. ತುದಿ ಸವೆದುಹೋಗಿದ್ದರೆ ಆ ಗುರುತೂ ಇಲ್ಲ. ಆಗ ‘ಬಿಜ್ಜು ಅಥವಾ ಹಾಕ್ ಕುಕೂ’ ಎಂದು ಬರೆದು ನಿಲ್ಲಿಸುವುದೇ ಸರಿಯಾದ ಉತ್ತರ.

ಇನ್ನೊಂದು ಬಲೆ ನವಿಲು. ನವಿಲುಗರಿ ಎಂದರೆ ಕಣ್ಣಿನ ಗರಿ ಎಂದೇ ನಮಗೆ ಅಭ್ಯಾಸ. ಅದು ನಿಜವಾದ ಬಾಲವೂ ಅಲ್ಲ, ಬಾಲದ ಮೇಲೆ ಬೆಳೆಯುವ ಹೊದಿಕೆ ಗರಿ. ಗಂಡು ನವಿಲಿನ ಭುಜ ಮತ್ತು ಮಡಚಿದ ರೆಕ್ಕೆಯ ಮೇಲೆ ತಿಳಿ ಹಳದಿಗಂದು, ಕಪ್ಪು ಪಟ್ಟೆಗಳ ಗರಿಗಳಿವೆ. ತೋಟದಲ್ಲಿ ಅವು ಬಿದ್ದರೆ ಯಾರೂ ನವಿಲು ಅನ್ನುವುದಿಲ್ಲ. ಅವುಗಳ ಪಟ್ಟೆ ನೇರವಾಗಿ ಗೆರೆ ಎಳೆದಂತಿರದೆ ಅಂಕುಡೊಂಕಾಗಿ, ಅಲ್ಲಲ್ಲಿ ಒಡೆದು ಹೋಗುತ್ತದೆ. ನವಿಲು ಕೋಳಿಯ ಬಳಗ. ಆ ಬಳಗದ ಮೈಗರಿಗಳ ಬುಡದಲ್ಲಿ ಮುಖ್ಯ ಗರಿಯ ಹಿಂದಿನಿಂದ ಇನ್ನೊಂದು ಮೃದುವಾದ ಚಿಕ್ಕ ಗರಿ ಹುಟ್ಟಿರುತ್ತದೆ. ಮನೆಯ ಕೋಳಿಯ ಎದೆಯ ಪುಕ್ಕ ಒಂದನ್ನು ತೆಗೆದು ನೋಡಿದರೆ ಗೊತ್ತಾಗುತ್ತದೆ. ಪಾರಿವಾಳದ ಮೈಗರಿಯಲ್ಲಿ ಅದು ಇರುವುದಿಲ್ಲ.

ಬಣ್ಣದ ಮೇಲೆ ಅಷ್ಟು ಅನುಮಾನ ಯಾಕೆ ಎಂದರೆ, ಅದು ಬದಲಾಗುತ್ತದೆ. ಬಿಸಿಲಿಗೆ ಕಂದು ಬಣ್ಣ ಪೇಲವವಾಗುತ್ತದೆ. ಒಂದು ವರ್ಷ ಹಕ್ಕಿಯ ಮೈಮೇಲೆ ಇದ್ದು ಬಿದ್ದ ಗರಿ, ಪುಸ್ತಕದ ಚಿತ್ರದ ಹೊಸ ಗರಿಯ ಹಾಗೆ ಇರುವುದಿಲ್ಲ. ಕಪ್ಪು ಮತ್ತು ಕಂದು ಕೊಡುವ ಮೆಲನಿನ್ ಗರಿಯನ್ನು ಗಟ್ಟಿಯನ್ನೂ ಮಾಡುತ್ತದೆ. ಆದ್ದರಿಂದ ಬಿಳಿ ಭಾಗ ಮೊದಲು ಸವೆಯುತ್ತದೆ. ಹಳೇ ಪಟ್ಟೆಗರಿಯ ಅಂಚು ಗರಗಸದಂತೆ ಕಂಡರೆ ಆ ಕಚ್ಚುಗಳು ಬಿಳಿ ಇದ್ದ ಜಾಗಗಳು. ಅನೇಕ ಹಕ್ಕಿಗಳ ರೆಕ್ಕೆತುದಿ ಕಪ್ಪಾಗಿರುವುದಕ್ಕೂ ಈ ಗಟ್ಟಿತನ ಒಂದು ಕಾರಣ.

ನೀಲಿಯದ್ದು ಬೇರೆ ಥರದ ಆಟ. ನೀಲಕಂಠ ಅಥವಾ ಮಿಂಚುಳ್ಳಿಯ ನೀಲಿ ಗರಿಯನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು, ಬೆಳಕು ಗರಿಯ ಹಿಂದಿನಿಂದ ಬರುವಂತೆ ನೋಡಿ. ನೀಲಿ ಮಾಯ, ಮಂಕು ಬೂದುಗಂದು ಉಳಿಯುತ್ತದೆ. ನೀಲಿ ಬಣ್ಣದ ವಸ್ತು ಅಲ್ಲಿ ಇಲ್ಲ. ಎಳೆಯೊಳಗಿನ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸಿ ನೀಲಿ ತೋರಿಸುತ್ತದೆ. ರಸ್ತೆಯಲ್ಲಿ ಬಣ್ಣ ಹಾಕಿ ಮಾರುವ ಕೋಳಿಗರಿಯ ನೀಲಿ ಹೀಗೆ ಮಾಯವಾಗುವುದಿಲ್ಲ. ಎರಡನ್ನೂ ಬೇರೆ ಮಾಡಲು ಇಷ್ಟು ಸಾಕು.

ಇಷ್ಟೆಲ್ಲ ಅನುಮಾನಪಟ್ಟರೂ ಜಾಗ, ಅಳತೆ ತಿಳಿದ ಮೇಲೆ ಬಣ್ಣವೇ ಕೇಸು ಮುಗಿಸುತ್ತದೆ. ಇಟ್ಟಿಗೆ ಕೆಂಪಿನ ರೆಕ್ಕೆಗರಿಯನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಅದು ಗರುಡ, ಕೆಂಬೂತ, ಗಂಡು ನವಿಲು ಮೂರಕ್ಕೂ ಇದೆ. ಗರುಡನ ಹೊರಗರಿ ಉದ್ದ, ಗಡುಸು, ತುದಿ ಕಪ್ಪು, ಅರ್ಧ ದಾರಿಯಲ್ಲಿ ಅಲಗು ಒಮ್ಮೆಲೇ ಕಿರಿದಾಗಿರುತ್ತದೆ. ಹಾರುವಾಗ ಬೆರಳು ಬಿಡಿಸಿದಂತೆ ಕಾಣುವುದು ಆ ಕಿರಿದಾದ ಭಾಗಗಳು. ಕೆಂಬೂತದ್ದು ಗಿಡ್ಡ, ದುಂಡು ತುದಿ, ಎಳೆಗಳು ಸಡಿಲ. ಅದು ಜಾಸ್ತಿ ಹಾರುವ ಹಕ್ಕಿಯೇ ಅಲ್ಲ. ನವಿಲಿನದ್ದು ದೊಡ್ಡದಾಗಿ, ಬಲವಾಗಿ ಕೆಳಕ್ಕೆ ಬಾಗಿರುತ್ತದೆ. ಮೂರೂ ಒಂದೇ ಕೆಂಪು, ಆಕಾರದಲ್ಲಿ ಮೂರು ದಿಕ್ಕು.

ಕಣ್ಣಳತೆಗೆ ಒಂದು ಮಿತಿ ಇದೆ. ತುಂಡಾದ ಗರಿ, ಬರೀ ಪುಕ್ಕ, ಮೈಯ ಸಣ್ಣ ಕಂದು ಗರಿ, ಇವುಗಳಿಂದ ಹೆಚ್ಚು ಹೇಳಲು ಬರುವುದಿಲ್ಲ. ಅಲ್ಲಿಂದ ಮುಂದೆ ಸೂಕ್ಷ್ಮದರ್ಶಕದ ಕೆಲಸ. 1960ರ ಅಕ್ಟೋಬರ್ 4ರಂದು ಬೋಸ್ಟನ್‌ನಲ್ಲಿ ಈಸ್ಟರ್ನ್ ಏರ್‌ಲೈನ್ಸ್ ವಿಮಾನ ಹಕ್ಕಿಗಳ ಹಿಂಡಿಗೆ ಬಡಿದು ಬಿದ್ದು 62 ಜನ ಸತ್ತರು. ಎಂಜಿನ್‌ಗಳಲ್ಲಿ ಸಿಕ್ಕ ಗರಿಯ ತುಣುಕುಗಳನ್ನು ಸ್ಮಿತ್‌ಸೋನಿಯನ್ ಸಂಸ್ಥೆಯ ರಾಕ್ಸಿ ಲೇಬರ್ನ್ ಪರೀಕ್ಷಿಸಿ, ಅವು ಸ್ಟಾರ್ಲಿಂಗ್ ಹಕ್ಕಿಯವು ಎಂದು ಗುರುತಿಸಿದರು. ಸ್ಟಾರ್ಲಿಂಗ್ ಎಂದರೆ ನಮ್ಮ ಗೊರವಂಕದ ಬಳಗ. ಇಂಥ ಕೆಲಸದಲ್ಲಿ ಸುಳಿವು ಸಿಗುವುದು ನಾವು ಕಡೆಗಣಿಸುವ ಬುಡದ ಮೆತ್ತನೆ ಪುಕ್ಕದಲ್ಲಿ. ಅದರ ಅತಿ ಸಣ್ಣ ಎಳೆಗಳಲ್ಲಿ ಗಂಟುಗಳಿರುತ್ತವೆ. ಬಾತುಕೋಳಿ ಬಳಗದಲ್ಲಿ ತ್ರಿಕೋನದ ಗಂಟು, ಕೋಳಿ ಬಳಗದಲ್ಲಿ ಉಂಗುರದಂಥ ಗಂಟು. ಬಳಗ ತಿಳಿಯಲು ಅಷ್ಟು ಸಾಕು.

ಯಾರಿಗಾದರೂ ತೋರಿಸಿ ಕೇಳುವುದಾದರೆ ಮೇಲ್ಬದಿ, ಕೆಳಬದಿ ಎರಡರ ಫೋಟೊ ಬೇಕು. ಪಕ್ಕದಲ್ಲಿ ಸ್ಕೇಲ್ ಇರಲಿ. ಬುಡದ ಪುಕ್ಕ ಕತ್ತರಿಸಿ ಹೋಗಬಾರದು. ಕೈಯಲ್ಲಿ ಹಿಡಿದು ತೆಗೆದ ಫೋಟೊದಲ್ಲಿ ಬೆರಳು ಮುಚ್ಚುವುದು ಸರಿಯಾಗಿ ಆ ಬುಡವನ್ನೇ. ಹಲವು ಗರಿ ಒಂದೇ ಕಡೆ ಚೆದುರಿದ್ದರೆ ದಂಡಿನ ಬುಡ ನೋಡಿ. ಬುಡ ಪೂರ್ತಿ ಇದ್ದು ಅಲ್ಲಲ್ಲಿ ಕೊಕ್ಕಿನ ಚುಚ್ಚು ಕಂಡರೆ ಬೇಟೆಹಕ್ಕಿ ಕಿತ್ತದ್ದು. ಬುಡ ಕಚ್ಚಿ ತುಂಡಾಗಿ, ಗರಿಗಳು ಜೊಲ್ಲಿಗೆ ಅಂಟಿಕೊಂಡಿದ್ದರೆ ಬೆಕ್ಕು, ನಾಯಿ, ಮುಂಗುಸಿಯಂಥದ್ದು. ಫೋಟೊ ತೆಗೆದ ಮೇಲೆ ಗರಿಯನ್ನು ಅಲ್ಲೇ ಬಿಡುವುದು ಒಳ್ಳೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗರಿಯನ್ನೂ ಕಾಡುಪ್ರಾಣಿಯ ಭಾಗಗಳ ಲೆಕ್ಕಕ್ಕೆ ಸೇರಿಸಿದೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ನಿಯಮ ಇನ್ನೂ ಬಿಗಿ. ಅಲ್ಲಿನ 1918ರ ವಲಸೆ ಹಕ್ಕಿಗಳ ಕಾಯ್ದೆಯ ಪ್ರಕಾರ, ಹಿತ್ತಲಲ್ಲಿ ತಾನಾಗಿ ಬಿದ್ದ ಗರಿಯನ್ನೂ ಹೆಚ್ಚಿನ ಕಾಡುಹಕ್ಕಿಗಳ ವಿಷಯದಲ್ಲಿ ಎತ್ತಿ ಇಟ್ಟುಕೊಳ್ಳುವಂತಿಲ್ಲ.